ಗುತ್ತಿಗೆದಾರರ ಕೊಟೇಶನ್ನನ್ನು ಓದುವ ಬಗೆ

ನಮ್ಮ ಹಿರಿಯರು ಮನೆಯ ಗಾತ್ರವನ್ನು ಅಂಕಣದ ಲೆಕ್ಕದಲ್ಲಿ ಹೇಳುತ್ತಿದ್ದರು. ಎರಡು ಸಾಲು ಕಂಬಗಳ ನಡುವಿನ ಎಡೆಯೇ ಒಂದು ಅಂಕಣ. ಅದರ ಅಗಲ ಊರಿಂದೂರಿಗೆ ಒಂದಿಷ್ಟು ಬೇರೆಯಾದರೂ, ಒಂದು ಅಂಕಣವೆಂದರೆ ಎಷ್ಟು ಕಂಬ, ಎಷ್ಟು ತೊಲೆ, ಎಷ್ಟು ಗೋಡೆ ಎಂಬುದು ಕಟ್ಟಿಸುವವನಿಗೂ ಬಡಗಿಗೂ ಸಮನಾಗಿ ತಿಳಿದಿರುತ್ತಿತ್ತು. ಬರಹದ ಅಗತ್ಯ ಅಷ್ಟಾಗಿ ಬೀಳುತ್ತಿರಲಿಲ್ಲ. ಈಗ ಅಂಕಣದ ಸ್ಥಾನಕ್ಕೆ ಚದರ ಅಡಿ ಬಂದಿದೆ. ಸಿಮೆಂಟು, ಕಬ್ಬಿಣ, ಜಲ್ಲಿ, ಉಸುಕು ಎಲ್ಲವೂ ಹೊರಗಿನಿಂದ ಬರತಕ್ಕವು. ಮನೆ ಕಟ್ಟಿಸುವ ಸಾಮಾನ್ಯ ಗೃಹಸ್ಥನ ಕೈಗೆ ಗುತ್ತಿಗೆದಾರರು ಮೂರು ನಾಲ್ಕು ಹಾಳೆಗಳ ಒಂದು ಕೊಟೇಶನ್ನನ್ನು ಕೊಡುತ್ತಾರೆ. ಅವನು ಕೊನೆಯ ಹಾಳೆಯನ್ನು ತಿರುವಿ, ಅಡಿಯಲ್ಲಿರುವ ಮೊತ್ತವನ್ನು ನೋಡಿ, ಉಳಿದುದನ್ನು ಮಡಿಚಿಡುತ್ತಾನೆ. ಅವನು ಓದದೆ ಮಡಿಚಿಟ್ಟ ಭಾಗದಲ್ಲಿಯೇ ಅವನ ಹಣದ ಗತಿಯೆಲ್ಲ ಬರೆದಿರುತ್ತದೆ.

ನಾನು ಎಂಜಿನಿಯರನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ಒಂದು ಬರಹವನ್ನು ಪದಪದವಾಗಿ ಬಿಡಿಸಿ ಓದುವುದು ನನ್ನ ವೃತ್ತಿಯೇ ಆಗಿತ್ತು. ನನ್ನ ತಂಗಿಯ ಮಗ ಹಲವಾಗಲಿನಲ್ಲಿ ಮನೆ ಕಟ್ಟಿಸಲು ಹೊರಟಾಗ ಎರಡು ಕೊಟೇಶನ್‌ಗಳನ್ನು ನನ್ನ ಮುಂದೆ ತಂದಿಟ್ಟ. ಲೋಕೋಪಯೋಗಿ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಮಿತ್ರರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ್ನು ಸಾಲುಸಾಲಾಗಿ ಓದಿದೆ. ಆ ಓದಿನಲ್ಲಿ ತಿಳಿದುಬಂದುದನ್ನು ತಮ್ಮ ಮುಂದೆ ಇಡುತ್ತೇನೆ.

ಮೊದಲು ಆ ಪತ್ರದ ರಚನೆಯನ್ನು ನೋಡೋಣ. ಕೊಟೇಶನ್ನಿನ ಜೊತೆಗಿರುವ ಪರಿಮಾಣ ಪಟ್ಟಿಗೆ ಗುತ್ತಿಗೆದಾರರು ಬಿ.ಒ.ಕ್ಯೂ. ಎನ್ನುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಆರು ಅಂಕಣಗಳಿರುತ್ತವೆ: ಕ್ರಮಸಂಖ್ಯೆ, ಕೆಲಸದ ವಿವರ, ಪ್ರಮಾಣ, ಅಳತೆಯ ಮಾನ, ದರ, ಮೊತ್ತ. ಪಾಯ ಅಗೆಯುವುದು ಒಂದು ಸಾಲು, ಪಾಯದ ಕಲ್ಲುಕಟ್ಟಡ ಇನ್ನೊಂದು ಸಾಲು, ಇಟ್ಟಿಗೆ ಗೋಡೆ ಮತ್ತೊಂದು, ಗಿಲಾವು ಮಗದೊಂದು. ಪ್ರತಿ ಸಾಲಿನಲ್ಲಿಯೂ ಪ್ರಮಾಣವನ್ನು ದರದಿಂದ ಗುಣಿಸಿದರೆ ಮೊತ್ತ ಬರುತ್ತದೆ. ಈ ಗುಣಾಕಾರ ಯಾರಿಗಾದರೂ ಬರುತ್ತದೆ. ಆದರೆ ಪಟ್ಟಿಯ ಕೊನೆಗೆ ಸಣ್ಣ ಅಕ್ಷರಗಳಲ್ಲಿ ಒಂದು ವಾಕ್ಯ ಇರುತ್ತದೆ: ಮೇಲೆ ಕಾಣಿಸಿದ ಪ್ರಮಾಣಗಳು ಅಂದಾಜಿನವು, ಹಣವನ್ನು ವಾಸ್ತವ ಅಳತೆಯಂತೆ ಕೊಡತಕ್ಕದ್ದು ಎಂದು. ಇಡೀ ಪತ್ರದ ಅರ್ಥವನ್ನು ನಿರ್ಣಯಿಸುವ ವಾಕ್ಯ ಇದು. ಇದು ಇದ್ದಲ್ಲಿ ಗುತ್ತಿಗೆದಾರರು ಮಾತು ಕೊಟ್ಟಿರುವುದು ದರದ ಬಗ್ಗೆ ಮಾತ್ರ. ಪ್ರಮಾಣದ ಬಗ್ಗೆ ಅವರು ಮಾತು ಕೊಟ್ಟಿಲ್ಲ. ಆದುದರಿಂದ ಕೊನೆಯ ಮೊತ್ತದ ಬಗ್ಗೆಯೂ ಕೊಟ್ಟಿಲ್ಲ. ಆ ಮೊತ್ತ ಒಂದು ಊಹೆ. ಊಹೆ ಎಷ್ಟು ನಿಜವೆಂಬುದು ಪ್ರಮಾಣದ ಅಂಕಣ ಎಷ್ಟು ನಿಜವೆಂಬುದನ್ನು ಅವಲಂಬಿಸಿದೆ.

ಇದನ್ನು ನನ್ನ ಅಳಿಯನ ಲೆಕ್ಕದಿಂದಲೇ ವಿವರಿಸುತ್ತೇನೆ. ತಿಳಿಯಲು ಸುಲಭವಾಗಲೆಂದು ಅಂಕಿಗಳನ್ನು ಸರಳಗೊಳಿಸಿದ್ದೇನೆ; ದರಗಳನ್ನೂ ಲೆಕ್ಕಕ್ಕಾಗಿ ಇಟ್ಟುಕೊಂಡವೆಂದೇ ಭಾವಿಸಬೇಕು. ಗೋಡೆಯ ನಡುಗೆರೆಯಿಂದ ನಡುಗೆರೆಗೆ 30 ಅಡಿ ಉದ್ದ, 20 ಅಡಿ ಅಗಲದ ಮನೆ. ನಡುವೆ 20 ಅಡಿಯ ಒಂದು ಅಡ್ಡಗೋಡೆ. ಎಲ್ಲ ಗೋಡೆಗಳ ಕೆಳಗೂ 3 ಅಡಿ ಅಗಲದ ಪಾಯದ ಗುಂಡಿ. ಅದರ ತಳದಲ್ಲಿ ಅರ್ಧ ಅಡಿ ದಪ್ಪದ ಬೆಡ್ ಕಾಂಕ್ರೀಟ್. ಅದರ ಮೇಲೆ ನೆಲಮಟ್ಟದವರೆಗೆ 2 ಅಡಿ ಅಗಲದ ಕಲ್ಲುಕಟ್ಟಡ. ಎರಡು ಕೊಟೇಶನ್‌ಗಳಲ್ಲಿಯೂ ಇಷ್ಟು ಸಮಾನ.

ಮೊದಲನೆಯ ಗುತ್ತಿಗೆದಾರರು ಗುಂಡಿಯ ಆಳವನ್ನು 3 ಅಡಿ ಎಂದು ಹಿಡಿದಿದ್ದರು. ಅಗೆತ 1053 ಘನ ಅಡಿ, ದರ 12 ರೂಪಾಯಿ; ಕಲ್ಲುಕಟ್ಟಡ 590 ಘನ ಅಡಿ, ದರ 210 ರೂಪಾಯಿ. ಎರಡೂ ಸೇರಿ 1,36,536 ರೂಪಾಯಿ. ಎರಡನೆಯವರು ಆಳವನ್ನು 5 ಅಡಿ ಎಂದು ಹಿಡಿದಿದ್ದರು. ಅಗೆತ 1755 ಘನ ಅಡಿ, ದರ 10 ರೂಪಾಯಿ. ಕಲ್ಲುಕಟ್ಟಡ 1062 ಘನ ಅಡಿ, ದರ 180 ರೂಪಾಯಿ. ಎರಡೂ ಸೇರಿ 2,08,710 ರೂಪಾಯಿ. ಉಳಿದ ಬಾಬುಗಳಲ್ಲಿ ಇಬ್ಬರಿಗೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ.

“ಮಾವಾ, ಮೊದಲ್ನೇದು ಎಪ್ಪತ್ತು ಸಾವಿರದ ಮ್ಯಾಲೆ ಕಡಿಮಿ ಐತಿ. ಅದನ್ನ ಒಪ್ಪಿದ್ರ ಆತಲ್ಲ?” ಎಂದು ಅಳಿಯ ಕೇಳಿದ. ನಾನು ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: “ನಿನ್ನ ಜಾಗದಾಗ ಎರಿ ಎಷ್ಟು ಆಳ ಐತಿ?”

ಪ್ರಶ್ನೆಗೆ ಕಾರಣವಿದೆ. ಹರಪನಹಳ್ಳಿ ತಾಲ್ಲೂಕಿನ ಹಲವಾಗಲಿನಂಥ ತುಂಗಭದ್ರೆಯ ಹೊಳೆಸಾಲಿನ ಊರುಗಳಲ್ಲಿ ಎರೆಭೂಮಿಯ ಗುಣವನ್ನು ರೈತರಿಗೆ ಹೇಳಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಅದು ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಿರಿಯುತ್ತದೆ. ಮಳೆ ಬಿದ್ದಾಗ ನೀರನ್ನು ಹೀರಿ ಉಬ್ಬುತ್ತದೆ. ಹತ್ತಿಗೂ ಜೋಳಕ್ಕೂ ಒಗ್ಗುವ ಈ ಗುಣವೇ ಗೋಡೆಗೆ ಶತ್ರು. ಉಬ್ಬಿ ಕುಗ್ಗುವ ಪದರದಲ್ಲಿ ಪಾಯ ನಿಂತರೆ, ನೆಲ ವರ್ಷವರ್ಷವೂ ಅದನ್ನು ಎತ್ತಿ ಇಳಿಸುತ್ತದೆ. ಮನೆಯ ಹೊರ ಅಂಚಿಗೆ ಮಳೆನೀರು ತಾಕುತ್ತದೆ, ಒಳಗಡೆ ತಾಕುವುದಿಲ್ಲ; ಆದುದರಿಂದ ಎಲ್ಲ ಭಾಗವೂ ಒಂದೇ ಸಮನಾಗಿ ಏಳುವುದಿಲ್ಲ. ಕಿಟಕಿ ಬಾಗಿಲುಗಳ ಮೂಲೆಗಳಿಂದ ಓರೆಯಾಗಿ ಹೊರಟ ಬಿರುಕುಗಳು, ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕಿರಿದಾಗುವಂಥವು, ಇದರ ಗುರುತು. ಎರೆಯನ್ನು ದಾಟಿ ಗರಸು ಅಥವಾ ಗಟ್ಟಿನೆಲ ಸಿಕ್ಕುವವರೆಗೂ ಅಗೆದು ಅಲ್ಲಿ ಪಾಯವನ್ನು ಕೂರಿಸುವುದು ಸಣ್ಣ ಮನೆಗಳಿಗೆ ಹಿಂದಿನಿಂದ ಬಂದಿರುವ ಉಪಾಯ. ಎರೆ ಬಹಳ ಆಳವಾಗಿದ್ದರೆ ಕಲ್ಲಿನ ಪಾಯವೇ ದುಬಾರಿಯಾಗುತ್ತದೆ. ಅಂಥ ಕಡೆ ನೆಲವನ್ನು ಕೊರೆದು, ಬುಡದಲ್ಲಿ ಗುಬ್ಬಿಯಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳನ್ನು ಇಳಿಸುತ್ತಾರೆ; ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಈ ವಿಧಾನವನ್ನು ನಮ್ಮ ದೇಶದಲ್ಲಿ ಬೆಳೆಸಿತು. ಅದನ್ನು ಎಂಜಿನಿಯರರೇ ನಿರ್ಧರಿಸಬೇಕು.

ಅಳಿಯನ ಬಳಿ ಉತ್ತರವಿರಲಿಲ್ಲ. ನಿವೇಶನದ ಎದುರುಬದುರು ಮೂಲೆಗಳಲ್ಲಿ ಎರಡು ಪರೀಕ್ಷೆಯ ಗುಂಡಿಗಳನ್ನು ತೋಡಿಸಲು ಹೇಳಿದೆ. ಒಂದೇ ಗುಂಡಿ ಸಾಲದು; ಒಂದೇ ನಿವೇಶನದಲ್ಲಿ ಎರೆಯ ದಪ್ಪ ಬೇರೆಬೇರೆ ಇರಬಹುದು. ಒಂದು ಗುಂಡಿಯಲ್ಲಿ ನಾಲ್ಕು ಅಡಿಗೆ, ಇನ್ನೊಂದರಲ್ಲಿ ನಾಲ್ಕೂವರೆ ಅಡಿಗೆ ಗರಸು ಸಿಕ್ಕಿತು. ಗರಸಿನೊಳಗೆ ಸ್ವಲ್ಪ ಇಳಿಯಬೇಕಾದುದರಿಂದ 5 ಅಡಿಯೇ ಸರಿಯೆಂದು ಮಿತ್ರರು ಹೇಳಿದರು.

ಈಗ ಮತ್ತೆ ಲೆಕ್ಕ ಮಾಡೋಣ. ಮೊದಲನೆಯವರಿಗೆ ಕೆಲಸ ಒಪ್ಪಿಸಿದ್ದರೆ, ಅಗೆಯುವಾಗ ಮೂರು ಅಡಿಗೆ ಗರಸು ಸಿಕ್ಕುತ್ತಿರಲಿಲ್ಲ. 5 ಅಡಿಗೆ ಇಳಿಯಲೇಬೇಕಾಗುತ್ತಿತ್ತು. ಅಂದಾಜಿನ ಪ್ರಮಾಣ ಬಿದ್ದುಹೋಗಿ ವಾಸ್ತವ ಅಳತೆ ಮೇಲೆದ್ದು ಬರುತ್ತಿತ್ತು. 1755 ಘನ ಅಡಿಗೆ 12 ರೂಪಾಯಿಯಂತೆ 21,060. 1062 ಘನ ಅಡಿಗೆ 210 ರೂಪಾಯಿಯಂತೆ 2,23,020. ಒಟ್ಟು 2,44,080 ರೂಪಾಯಿ. ಎಪ್ಪತ್ತೆರಡು ಸಾವಿರ ಕಡಿಮೆಯೆಂದು ಕಂಡ ಕೊಟೇಶನ್ ಎರಡನೆಯದಕ್ಕಿಂತ 35,370 ರೂಪಾಯಿ ಹೆಚ್ಚಾಗುತ್ತಿತ್ತು. ಇದರಲ್ಲಿ ಮೋಸವಿತ್ತೆಂದು ನಾನು ಹೇಳಲಾರೆ. ಎರೆ ಇಲ್ಲದ ಕೆಂಪುನೆಲದ ಊರುಗಳಲ್ಲಿ ಕೆಲಸ ಮಾಡಿದವರು ರೂಢಿಯಂತೆ ಮೂರು ಅಡಿ ಎಂದು ಬರೆದಿರಬಹುದು. ಆದರೆ ಹಣ ಕೊಡುವವನಿಗೆ ಉದ್ದೇಶದಿಂದ ಏನೂ ವ್ಯತ್ಯಾಸವಾಗುವುದಿಲ್ಲ.

ಇದರಿಂದ ಹೊರಡುವ ನಿಯಮ ಸರಳ. ಎರಡು ಕೊಟೇಶನ್‌ಗಳ ಮೊತ್ತವನ್ನು ಹೋಲಿಸುವ ಮೊದಲು ಪ್ರಮಾಣಗಳನ್ನು ಒಂದೇ ಮಾಡಬೇಕು. ನಕ್ಷೆಯಿಂದ ಪ್ರಮಾಣವನ್ನು ಒಬ್ಬ ಎಂಜಿನಿಯರರಿಂದ ತೆಗೆಸಿ, ಖಾಲಿ ದರದ ಪಟ್ಟಿಯನ್ನು ಎಲ್ಲರಿಗೂ ಕೊಟ್ಟು ದರಗಳನ್ನಷ್ಟೆ ತುಂಬಿಸಿಕೊಳ್ಳುವುದು ಉತ್ತಮ. ಅದು ಆಗದಿದ್ದರೆ, ನಾವು ಮಾಡಿದಂತೆ, ಒಬ್ಬರ ಪ್ರಮಾಣಕ್ಕೆ ಇನ್ನೊಬ್ಬರ ದರವನ್ನು ಹಚ್ಚಿ ನೋಡಬೇಕು. ದರ ನ್ಯಾಯವೇ ಎಂದು ಅರಿಯಲು ಲೋಕೋಪಯೋಗಿ ಇಲಾಖೆಯ ದರಪಟ್ಟಿಯೊಡನೆ ತೂಗಿ ನೋಡಬಹುದು. ಆ ಪಟ್ಟಿಯಲ್ಲಿ ಮಾನ ಘನ ಮೀಟರ್ ಆಗಿರುತ್ತದೆ. ಒಂದು ಘನ ಮೀಟರಿಗೆ 35.3 ಘನ ಅಡಿ ಎಂಬುದನ್ನು ನೆನಪಿಟ್ಟರೆ ಸಾಕು. ನಮ್ಮ ಕಡೆ ಉಸುಕು, ಕಲ್ಲು, ಜಲ್ಲಿಗಳನ್ನು ಬ್ರಾಸಿನಲ್ಲಿ ಹೇಳುವ ರೂಢಿಯೂ ಉಂಟು; ಒಂದು ಬ್ರಾಸ್ ಎಂದರೆ ನೂರು ಘನ ಅಡಿ. ಮಾನವನ್ನು ನೋಡದೆ ದರವನ್ನು ಹೋಲಿಸುವುದು, ಸೇರಿನ ಬೆಲೆಯನ್ನು ಚೀಲದ ಬೆಲೆಯೊಡನೆ ಹೋಲಿಸಿದಂತೆ.

ಇನ್ನು ಕೆಲಸದ ವಿವರ ಎಂಬ ಅಂಕಣ. ಹಳಗನ್ನಡದ ಶಾಸನವನ್ನು ಓದುವಷ್ಟೇ ಎಚ್ಚರದಿಂದ ಇದನ್ನು ಓದಬೇಕು. ಇಲ್ಲಿ ಬರೆದುದಕ್ಕೆ ಮಾತ್ರ ಗುತ್ತಿಗೆದಾರರು ಬದ್ಧರು. ಮೊದಲನೆಯ ಕೊಟೇಶನ್ನಿನಲ್ಲಿ “ಸಿಮೆಂಟ್ ಗಾರೆಯಲ್ಲಿ ಕಲ್ಲುಕಟ್ಟಡ” ಎಂದಿತ್ತು. ಎರಡನೆಯದರಲ್ಲಿ “ಒಂದಕ್ಕೆ ಆರರ ಸಿಮೆಂಟ್ ಗಾರೆಯಲ್ಲಿ ಕಲ್ಲುಕಟ್ಟಡ” ಎಂದಿತ್ತು. ಒಂದು ಪಾಲು ಸಿಮೆಂಟಿಗೆ ಆರು ಪಾಲು ಉಸುಕು ಎಂದು ಅರ್ಥ. ಈ ಎರಡು ಮೂರು ಪದಗಳ ಬೆಲೆ ಎಷ್ಟು? ನೂರು ಘನ ಅಡಿ ಕಲ್ಲುಕಟ್ಟಡಕ್ಕೆ ಒಣಗಾರೆ ಸುಮಾರು 45 ಘನ ಅಡಿ ಬೇಕಾಗುತ್ತದೆಂದು ಹಿಡಿಯೋಣ. ಒಂದಕ್ಕೆ ಆರರಲ್ಲಿ ಅದಕ್ಕೆ ಸುಮಾರು ಐದೂಕಾಲು ಚೀಲ ಸಿಮೆಂಟು ಹಿಡಿಯುತ್ತದೆ. ಒಂದಕ್ಕೆ ಎಂಟರಲ್ಲಿ ನಾಲ್ಕು ಚೀಲ. 1062 ಘನ ಅಡಿಗೆ ಹನ್ನೆರಡು ಚೀಲಕ್ಕೂ ಮಿಗಿಲಾದ ಅಂತರ. ಪಾಲು ಬರೆಯದಿದ್ದಲ್ಲಿ ಒಂದಕ್ಕೆ ಎಂಟು ಕಲೆಸಿದವರನ್ನು ಆಕ್ಷೇಪಿಸಲು ನಮ್ಮ ಕೈಯಲ್ಲಿ ಕಾಗದವಿರುವುದಿಲ್ಲ.

ಅದೇ ಪತ್ರದಲ್ಲಿ ಇನ್ನೊಂದು ಸಾಲಿತ್ತು: “ಅಗೆದ ಮಣ್ಣನ್ನೇ ಕಟ್ಟೆಯೊಳಗೆ ತುಂಬಿ ದಮ್ಮಸು ಮಾಡುವುದು.” ಓದಲು ಮಿತವ್ಯಯದ ಮಾತು. ಆದರೆ ಅಗೆದ ಮಣ್ಣು ಎರೆ. ಪಾಯವನ್ನು ಗರಸಿಗೆ ಇಳಿಸಿ, ಅದೇ ಎರೆಯನ್ನು ಮನೆಯ ನೆಲದ ಕೆಳಗೆ ತುಂಬಿದರೆ, ಗೋಡೆ ನಿಂತಲ್ಲಿಯೇ ನಿಂತು ನೆಲಗಟ್ಟು ಮಾತ್ರ ಉಬ್ಬಿ ಬಿರಿಯುತ್ತದೆ. ಎರಡನೆಯ ಕೊಟೇಶನ್ನಿನಲ್ಲಿ ಹೊರಗಿನಿಂದ ತಂದ ಗರಸನ್ನು ಪದರಪದರವಾಗಿ ತುಂಬಿ, ನೀರು ಹಾಯಿಸಿ ದಮ್ಮಸು ಮಾಡುವುದೆಂದು ಇತ್ತು. ಅಗೆದ ಎರೆಯನ್ನು ಸಾಗಿಸಿಬಿಡುವ ಕೆಲಸವೂ ಅಗೆತದ ದರದಲ್ಲಿಯೇ ಸೇರಿತ್ತು. ಹೀಗೆ ಸೇರಿದೆಯೋ ಇಲ್ಲವೋ ಎಂದು ಕೇಳದಿದ್ದರೆ, ಮುಂದೆ ಅದು “ಹೆಚ್ಚುವರಿ ಕೆಲಸ” ಎಂಬ ಹೆಸರಿನಲ್ಲಿ ಬಿಲ್ಲಿಗೆ ಬರುತ್ತದೆ.

ಮೂರನೆಯದು ಅಳತೆ. ವಾಸ್ತವ ಅಳತೆಯಂತೆ ಹಣ ಕೊಡುವುದಾದರೆ, ಅಳೆಯುವ ರೀತಿ ಗೊತ್ತಿರಬೇಕಾದದ್ದು ನ್ಯಾಯ. ಮತ್ತೆ ಪಾಯಕ್ಕೇ ಹೋಗೋಣ. ಉದ್ದದ ಎರಡು ಗುಂಡಿಗಳನ್ನು ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದರೆ ತಲಾ 33 ಅಡಿ. ಅಗಲದ ಮೂರು ಗುಂಡಿಗಳನ್ನೂ ಹಾಗೆಯೇ ಹೊರಗಿನಿಂದ ಅಳೆದರೆ ತಲಾ 23 ಅಡಿ. ಒಟ್ಟು 135 ಅಡಿ. ಆದರೆ ಗುಂಡಿಗಳು ಕೂಡುವ ಕಡೆ ಒಂದೇ ಮಣ್ಣನ್ನು ಎರಡು ಸಲ ಅಗೆಯುವುದಿಲ್ಲ. ಉದ್ದದವನ್ನು ಹೊರಗಿನಿಂದ ಅಳೆದ ಮೇಲೆ ಅಗಲದವನ್ನು ಒಳಗಿನಿಂದಲೇ ಅಳೆಯಬೇಕು. ಆಗ ಅವು ತಲಾ 17 ಅಡಿ, ಒಟ್ಟು 117 ಅಡಿ. ಹದಿನೆಂಟು ಅಡಿ ಉದ್ದದ ಗುಂಡಿ, ಯಾರೂ ಅಗೆಯದ ಗುಂಡಿ, ಟೇಪು ಹಿಡಿದ ರೀತಿಯೊಂದರಿಂದಲೇ ಬಿಲ್ಲಿನಲ್ಲಿ ಹುಟ್ಟಿಕೊಳ್ಳುತ್ತದೆ. ಮೇಲೆ ಹೇಳಿದ 1755 ಘನ ಅಡಿ ಎಂಬುದು ಈ 117 ಅಡಿಯನ್ನು 3 ಅಡಿ ಅಗಲದಿಂದಲೂ 5 ಅಡಿ ಆಳದಿಂದಲೂ ಗುಣಿಸಿ ಪಡೆದದ್ದು.

ಗೋಡೆಯಲ್ಲಿ ಬಾಗಿಲು ಕಿಟಕಿಗಳನ್ನು ಕಳೆಯಬೇಕು. 20 ಅಡಿ ಉದ್ದ, 10 ಅಡಿ ಎತ್ತರ, 9 ಅಂಗುಲ ದಪ್ಪದ ಇಟ್ಟಿಗೆ ಗೋಡೆ 150 ಘನ ಅಡಿ. ಅದರಲ್ಲಿ ಮೂರೂವರೆ ಅಡಿಗೆ ಏಳು ಅಡಿಯ ಒಂದು ಬಾಗಿಲಿದ್ದರೆ ಹದಿನೆಂಟು ಘನ ಅಡಿಗೂ ಹೆಚ್ಚು ಇಟ್ಟಿಗೆ ಅಲ್ಲಿಲ್ಲ. ಬಾಗಿಲ ಮೇಲಿನ ಲಿಂಟಲ್ ಕಾಂಕ್ರೀಟಿನ ಲೆಕ್ಕದಲ್ಲಿ ಬೇರೆಯಾಗಿ ಬರುವುದರಿಂದ ಅದನ್ನೂ ಇಟ್ಟಿಗೆಯಿಂದ ಕಳೆಯಬೇಕು. ಉಳಿಯುವುದು ಸುಮಾರು 130 ಘನ ಅಡಿ.

ಗಿಲಾವಿನಲ್ಲಿ ಮಾತ್ರ ನಿಯಮ ಬೇರೆ. ಇದನ್ನು ತಿಳಿಯದೆ ಅನೇಕ ಮನೆಯವರು ಗುತ್ತಿಗೆದಾರರ ಮೇಲೆ ವೃಥಾ ಜಗಳಕ್ಕೆ ಹೋಗುತ್ತಾರೆ. ಕಟ್ಟಡದ ಅಳತೆಗೆ ನಮ್ಮ ದೇಶದಲ್ಲಿ ಐ.ಎಸ್. 1200 ಎಂಬ ಭಾರತೀಯ ಮಾನಕವಿದೆ. ಅದರ ಪ್ರಕಾರ, ಎರಡೂ ಬದಿಗೆ ಒಂದೇ ಬಗೆಯ ಗಿಲಾವು ಮಾಡಿದ ಗೋಡೆಯಲ್ಲಿ ಅರ್ಧ ಚದರ ಮೀಟರಿಗಿಂತ ಹೆಚ್ಚು, ಮೂರು ಚದರ ಮೀಟರಿನೊಳಗಿನ ತೆರಪಿಗೆ ಒಂದು ಬದಿಯನ್ನಷ್ಟೆ ಕಳೆಯತಕ್ಕದ್ದು. ನಮ್ಮ ಬಾಗಿಲು ಇಪ್ಪತ್ತನಾಲ್ಕೂವರೆ ಚದರ ಅಡಿ, ಎಂದರೆ ಎರಡೂಕಾಲು ಚದರ ಮೀಟರಿಗೆ ಸ್ವಲ್ಪ ಮೇಲೆ. ಈ ಗುಂಪಿಗೆ ಸೇರುತ್ತದೆ. ಇನ್ನೊಂದು ಬದಿಯನ್ನು ಕಳೆಯದಿರುವುದು ಬಾಗಿಲ ಒಳಪಕ್ಕೆಗಳಿಗೂ ಅಂಚುಗಳಿಗೂ ಮಾಡಿದ ಗಿಲಾವಿನ ಕೂಲಿಗೆ ಪ್ರತಿಯಾಗಿ. ಆದುದರಿಂದ ಗುತ್ತಿಗೆದಾರರು ಒಂದೇ ಬದಿ ಕಳೆದಿದ್ದರೆ ಅದು ಸರಿ. ಒಂದನ್ನೂ ಕಳೆಯದಿದ್ದರೆ ಕೇಳಬೇಕು. ಒಂದು ಬದಿಯನ್ನಷ್ಟೆ ಕಳೆದು, ಒಳಪಕ್ಕೆಗಳನ್ನು ಬೇರೆ ಸೇರಿಸಿದ್ದರೆ ಆಗಲೂ ಕೇಳಬೇಕು. ಯಾವ ರೀತಿಯಲ್ಲಿ ಅಳೆಯುವುದೆಂದು ಒಪ್ಪಂದದಲ್ಲಿಯೇ ಒಂದು ಸಾಲು ಬರೆದುಕೊಂಡರೆ ಈ ಮಾತುಗಳೇ ಏಳುವುದಿಲ್ಲ.

ಅಳತೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗೋಡೆಯನ್ನು ಯಾವಾಗ ಬೇಕಾದರೂ ಅಳೆಯಬಹುದು. ಪಾಯವನ್ನು ಮುಚ್ಚಿದ ಮೇಲೆ ಅಳೆಯಲಾಗುವುದಿಲ್ಲ. ಗುಂಡಿ ಅಗೆದು ಮುಗಿದ ದಿನ, ಕಾಂಕ್ರೀಟು ಬೀಳುವ ಮೊದಲು, ಅಗಲವನ್ನೂ ಆಳವನ್ನೂ ಮೂರು ನಾಲ್ಕು ಕಡೆ ಅಳೆದು ಬರೆಯಬೇಕು. ಕಲ್ಲುಕಟ್ಟಡ ನೆಲಮಟ್ಟಕ್ಕೆ ಬಂದ ದಿನ, ಬದಿಗೆ ಮಣ್ಣು ತುಂಬುವ ಮೊದಲು, ಮತ್ತೆ ಅಳೆಯಬೇಕು. ಮಾಳಿಗೆಯ ಕಬ್ಬಿಣವನ್ನು ಕಾಂಕ್ರೀಟಿನ ಹಿಂದಿನ ದಿನ ಎಣಿಸಬೇಕು. ಸರ್ಕಾರಿ ಕೆಲಸಗಳಲ್ಲಿ ಇದಕ್ಕೆಂದೇ ಅಳತೆ ಪುಸ್ತಕವಿರುತ್ತದೆ. ಮನೆಯವರಿಗೆ ಒಂದು ಸಾದಾ ನೋಟುಪುಸ್ತಕ ಸಾಕು: ತಾರೀಖು, ಉದ್ದ, ಅಗಲ, ಆಳ, ಕೆಳಗೆ ಇಬ್ಬರ ರುಜು. ಗುಂಡಿಯೊಳಗೆ ಟೇಪು ಹಿಡಿದ ಒಂದು ಛಾಯಾಚಿತ್ರವಿದ್ದರೆ ಇನ್ನೂ ಒಳ್ಳೆಯದು. ಇದು ಅಪನಂಬಿಕೆಯ ಕೆಲಸವಲ್ಲ. ಐದು ಅಡಿ ಅಗೆದ ಗುತ್ತಿಗೆದಾರರಿಗೂ ತಾವು ಅಗೆದುದನ್ನು ತೋರಿಸಲು ಇದೊಂದೇ ಸಾಕ್ಷಿ.

ಹಲವಾಗಲಿನ ಕೆಲಸದಲ್ಲಿ ಕೊನೆಗೆ ಏನಾಯಿತೆಂದು ತಾವು ಕೇಳಬಹುದು. ಅಳಿಯ ಮೊದಲನೆಯ ಗುತ್ತಿಗೆದಾರರನ್ನು ಕೈಬಿಡಲಿಲ್ಲ. ಗುಂಡಿಗಳನ್ನು ತೋರಿಸಿ, 5 ಅಡಿ ಆಳಕ್ಕೆ, ಒಂದಕ್ಕೆ ಆರರ ಗಾರೆಗೆ, ಗರಸಿನ ತುಂಬುವಿಕೆಗೆ ಮತ್ತೆ ದರ ಕೇಳಿದ. ಅವರು ಕೆಲಸದ ಗಾತ್ರ ಹೆಚ್ಚಿದ್ದನ್ನು ಕಂಡು ಕಲ್ಲುಕಟ್ಟಡದ ದರವನ್ನು ತಾವಾಗಿಯೇ ಇಳಿಸಿದರು. ಆದರೂ ಎರಡನೆಯವರ ದರಕ್ಕೆ ಬರಲಾಗಲಿಲ್ಲ. ಎರಡನೆಯವರಿಗೆ ಕೆಲಸ ಹೋಯಿತು. ಮೊದಲನೆಯವರು ಬೇಸರಿಸಲಿಲ್ಲ, ಏಕೆಂದರೆ ಇಬ್ಬರನ್ನೂ ಒಂದೇ ಪ್ರಮಾಣದ ಮೇಲೆ ತೂಗಿದ್ದು ಅವರಿಗೂ ಕಾಣುತ್ತಿತ್ತು.

ಕಟ್ಟುವ ಕಾಲಕ್ಕೆ ಹಂತಹಂತವಾಗಿ ಬಿಲ್ಲುಗಳು ಬರುತ್ತವೆ. ಪ್ರತಿ ಬಿಲ್ಲಿನಲ್ಲಿಯೂ ಅಂದಿನವರೆಗಿನ ಒಟ್ಟು ಪ್ರಮಾಣವನ್ನು ಬರೆದು, ಹಿಂದೆ ಕೊಟ್ಟ ಹಣವನ್ನು ಕಳೆದಿರುವುದನ್ನು ನೋಡಬೇಕು; ಬಿಡಿಬಿಡಿಯಾಗಿ ಬರೆದ ಬಿಲ್ಲುಗಳಲ್ಲಿ ಒಂದೇ ಗೋಡೆ ಎರಡು ಸಲ ನುಸುಳುವುದು ಸುಲಭ. ಕೊನೆಯ ಬಿಲ್ಲು ಬಂದ ದಿನ ಕೊಟೇಶನ್ನಿನ ಪ್ರಮಾಣವನ್ನು ಒಂದು ಕಡೆ, ಬಿಲ್ಲಿನ ಪ್ರಮಾಣವನ್ನು ಇನ್ನೊಂದು ಕಡೆ ಬರೆದು, ವ್ಯತ್ಯಾಸವಿರುವ ಸಾಲುಗಳಿಗೆ ಮಾತ್ರ ಗುರುತು ಹಾಕಬೇಕು. ಹೆಚ್ಚಾದ ಪ್ರತಿಯೊಂದು ಸಾಲಿಗೂ ಅಳತೆಯ ಪುಸ್ತಕದಲ್ಲಿ ಒಂದು ತಾರೀಖೂ ಎರಡು ರುಜುಗಳೂ ಇದ್ದರೆ ಹಣವನ್ನು ತಡಮಾಡದೆ ಕೊಟ್ಟುಬಿಡಬೇಕು. ಇಲ್ಲದಿದ್ದರೆ ಅವರೊಡನೆ ಟೇಪು ಹಿಡಿದು ಆ ಒಂದು ಗೋಡೆಯನ್ನು ಮತ್ತೊಮ್ಮೆ ಅಳೆಯಬೇಕು.